ಅಪ್ಪನ ಎಚ್‌ಎಂಟಿಗೆ ಹೊಸ ಬೆಲ್ಟು: ಲಗ್ ಅಳೆಯುವುದು, ಪಿನ್ ಬಿಚ್ಚುವುದು, ಕೇಸಿಗೆ ಗೀರು ಬೀಳದಂತೆ ನೋಡಿಕೊಳ್ಳುವುದು

ಅಪ್ಪನ ಎಚ್‌ಎಂಟಿ ಜನತಾ ವಾಚಿನ ಕೆಳಗಡೆ, ಎಡಬದಿಯ ಲಗ್ ಮೇಲೆ, ಅಂದರೆ ಬೆಲ್ಟು ಸಿಕ್ಕಿಸುವ ಕೊಂಬಿನ ಮೇಲೆ, ಒಂದು ಗೀರಿದೆ. ಉದ್ದ ಅಕ್ಕಿಕಾಳಿನಷ್ಟು. ಉಳಿದ ಕೇಸೆಲ್ಲ ಬೆಳ್ಳಗೆ ಹೊಳೆಯುವಾಗ ಅದೊಂದು ಮಾತ್ರ ಹಳದಿಯಾಗಿ ಕಾಣುತ್ತದೆ. ಬಹಳ ವರ್ಷಗಳ ಹಿಂದೆ ಬೆಲ್ಟು ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅಲ್ಲಿದ್ದವರು ಸಣ್ಣ ಚಾಕುವಿನ ತುದಿ ತೂರಿಸಿ, ಲಗ್ಗನ್ನೇ ಆಸರೆ ಮಾಡಿಕೊಂಡು ಮೀಟಿದರು. ಬೆಲ್ಟನ್ನು ಹಿಡಿದಿದ್ದ ಪಿನ್ ಹಾರಿತು, ಜೊತೆಗೆ ಚಾಕುವೂ ಜಾರಿತು. ಎರಡು ಸೆಕೆಂಡಿನ ಕೆಲಸ. ಆ ಗೀರು ಈಗಲೂ ಹಾಗೇ ಇದೆ.

ಅದು ಯಾಕೆ ಹೋಗುವುದಿಲ್ಲ ಎಂಬುದನ್ನು ಮೊದಲೇ ಹೇಳುತ್ತೇನೆ, ಮುಂದಿನ ಎಚ್ಚರಿಕೆಗಳೆಲ್ಲ ಇದರ ಮೇಲೇ ನಿಂತಿವೆ. ನಮ್ಮ ವಾಚಿನ ಕೇಸು ಹಿತ್ತಾಳೆಯದು, ಅದರ ಮೇಲೆ ತೆಳ್ಳಗೆ ಕ್ರೋಮ್ ಲೇಪ. ಆ ಕಾಲದ ಬಹಳಷ್ಟು ವಾಚುಗಳು ಹೀಗೆಯೇ. ಪೂರ್ತಿ ಸ್ಟೀಲಿನ ಕೇಸಾದರೆ ಸಣ್ಣ ಗೀರನ್ನು ಉಜ್ಜಿ ಪಾಲಿಶ್ ಮಾಡಬಹುದು, ಯಾಕೆಂದರೆ ಕೆಳಗೂ ಅದೇ ಲೋಹವಿರುತ್ತದೆ. ಲೇಪದ ಕೇಸನ್ನು ಉಜ್ಜಿದರೆ ಗೀರಿನ ಅಂಚಿನ ಕ್ರೋಮ್ ಕೂಡ ಸವೆದು ಹಳದಿ ಇನ್ನಷ್ಟು ಅಗಲವಾಗುತ್ತದೆ. ಹಾಗಾಗಿ ಇಂಥ ವಾಚಿಗೆ ಬೆಲ್ಟು ಬದಲಿಸುವಾಗ ಗೀರು ಬೀಳದಂತೆ ಕೆಲಸ ಮಾಡುವುದೊಂದೇ ದಾರಿ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚುಗಳ ತಯಾರಿಕೆ ಶುರುವಾಯಿತು. ಈ ಊರಿನಲ್ಲಿ, ಅದರಲ್ಲೂ ಎಚ್‌ಎಂಟಿ ಕಾರ್ಖಾನೆಯಿದ್ದ ಜಾಲಹಳ್ಳಿಯ ಕಡೆ, ಬೀರುವಿನ ಡ್ರಾಯರಿನಲ್ಲಿ ಒಂದಾದರೂ ಎಚ್‌ಎಂಟಿ ಮಲಗಿರುವ ಮನೆಗಳು ಇನ್ನೂ ತುಂಬಾ ಇವೆ. ಕಳೆದ ತಿಂಗಳು ನಮ್ಮದನ್ನು ತಂಗಿಯ ಮಗನಿಗೆ ಕೊಡೋಣ ಎಂದು ಹೊರತೆಗೆದೆ. ಕೀಲಿ ಕೊಟ್ಟ ತಕ್ಷಣ ಓಡಿತು. ಬೆಲ್ಟು ಮಾತ್ರ ಬಿರುಕುಬಿಟ್ಟು ಗಟ್ಟಿಯಾಗಿತ್ತು. ಅವನೂ ನಾನೂ ಸೇರಿ ಬದಲಿಸಿದೆವು. ನಾವು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಬೆಲ್ಟನ್ನು ನಂಬಬೇಡಿ

ವಾಚಿನ ಕೇಸಿನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳು ಚಾಚಿಕೊಂಡಿರುತ್ತವೆ. ಅವೇ ಲಗ್. ಎದುರುಬದುರು ಇರುವ ಎರಡು ಲಗ್‌ಗಳ ಒಳಮೈಗಳ ನಡುವಿನ ಅಂತರವೇ ಲಗ್ ಅಗಲ. ಬೆಲ್ಟು ಕೊಳ್ಳುವಾಗ ಮೊದಲು ಬೇಕಾಗುವುದು ಈ ಅಳತೆ. ಡಯಲ್ ದೊಡ್ಡದೋ ಸಣ್ಣದೋ ಎಂಬುದರಿಂದ ಇದು ಗೊತ್ತಾಗುವುದಿಲ್ಲ. ಒಂದೇ ಗಾತ್ರದ ಎರಡು ವಾಚುಗಳಲ್ಲಿ ಒಂದಕ್ಕೆ 18, ಇನ್ನೊಂದಕ್ಕೆ 20 ಮಿಲಿಮೀಟರ್ ಇರಬಹುದು.

ತಂಗಿಯ ಮಗ ಹಳೆಯ ಬೆಲ್ಟಿನ ಹಿಂಭಾಗ ನೋಡಿದ. ಅಲ್ಲಿ 16 ಎಂದು ಒತ್ತಿತ್ತು. "ಮಾವ, ಹದಿನಾರು ಅಂತಲೇ ಬರೆದಿದೆಯಲ್ಲ, ಅದನ್ನೇ ತರಿಸಿಬಿಡ್ತೀನಿ" ಅಂದ.

"ಸ್ವಲ್ಪ ತಡಿಯೋ. ಬೆಲ್ಟಿನ ಎರಡೂ ಪಕ್ಕ ಏನು ಕಾಣ್ತಿದೆ ನೋಡು" ಅಂದೆ.

ಬೆಲ್ಟಿಗೂ ಲಗ್‌ಗೂ ನಡುವೆ ಎರಡು ಬದಿಯಲ್ಲೂ ಪಿನ್ನು ಬೆತ್ತಲೆಯಾಗಿ ಕಾಣುತ್ತಿತ್ತು. ಒಂದೊಂದು ಬದಿಗೆ ಸುಮಾರು ಒಂದು ಮಿಲಿಮೀಟರ್. ಹಿಂದೆ ಯಾರೋ ಕೈಗೆ ಸಿಕ್ಕ ಸಣ್ಣ ಬೆಲ್ಟನ್ನೇ ಹಾಕಿ ಕಳಿಸಿದ್ದರು. ಬೆಲ್ಟು ಆಚೆ ಈಚೆ ಜಾರಿ ಜಾರಿ ಪಿನ್ನಿನ ಮೈ ಒಂದು ಕಡೆ ಸವೆದಿತ್ತು, ಆ ಸಂದಿನಲ್ಲಿ ಬೆವರಿನ ಕೊಳೆ ಕಪ್ಪಗೆ ಕೂತಿತ್ತು. ಇದಕ್ಕೆ ಉಲ್ಟಾ ಆಗುವುದೂ ಉಂಟು. 20ರ ಚರ್ಮವನ್ನು 18ರ ಜಾಗಕ್ಕೆ ಅದುಮಿ ತುರುಕಿದರೆ ಅಂಚು ಮಡಚಿಕೊಂಡು ಲಗ್ಗನ್ನು ಉಜ್ಜುತ್ತಾ ಇರುತ್ತದೆ. ಹಾಗಾಗಿ ಅಳತೆಯನ್ನು ವಾಚಿನಿಂದಲೇ ತೆಗೆಯಬೇಕು, ಅದೂ ಬೆಲ್ಟು ಬಿಚ್ಚಿದ ಮೇಲೆ. ಇದೇ ಕಾರಣಕ್ಕೆ ಬಿಚ್ಚುವುದನ್ನು ಮೊದಲು ಹೇಳಿ, ಅಳೆಯುವುದನ್ನು ಆಮೇಲೆ ಹೇಳುತ್ತೇನೆ.

ಪಿನ್ನು ಕೂತಿರುವುದು ಹೇಗೆ

ಅಂಗಡಿಗಳಲ್ಲಿ ಪಿನ್ನು ಎಂದೇ ಕರೆಯುವ ಸ್ಪ್ರಿಂಗ್ ಬಾರ್ ಒಂದು ಸಣ್ಣ ಕೊಳವೆ. ಒಳಗೊಂದು ಸ್ಪ್ರಿಂಗ್ ಇದೆ, ಎರಡು ತುದಿಯಲ್ಲೂ ಸಣ್ಣ ಮೂತಿ ಹೊರಗೆ ಚಾಚಿರುತ್ತದೆ. ಮೂತಿಯ ಬುಡದಲ್ಲಿ ಬಳೆಯಂತೆ ಒಂದು ಅಂಚು ಇರುತ್ತದೆ. ನಮ್ಮ ಉಪಕರಣ ಹಿಡಿಯಬೇಕಾದದ್ದು ಆ ಬಳೆಯನ್ನು. ಮೂತಿಗಳು ಲಗ್ಗಿನ ಒಳಮೈಯಲ್ಲಿರುವ ಸಣ್ಣ ತೂತುಗಳಲ್ಲಿ ಕೂತಿರುತ್ತವೆ. ಮೂತಿಯನ್ನು ಒಳಗೆ ಒತ್ತಿದರೆ ತೂತಿನಿಂದ ಈಚೆ ಬರುತ್ತದೆ. ಬೇಕಾದ ಚಲನೆ ಸುಮಾರು ಒಂದು ಮಿಲಿಮೀಟರ್, ಅಷ್ಟೇ.

ಕೆಲವು ವಾಚುಗಳಲ್ಲಿ ತೂತು ಲಗ್ಗಿನ ಆಚೆ ಬದಿಗೂ ತೆರೆದುಕೊಂಡಿರುತ್ತದೆ. ಹಾಗಿದ್ದರೆ ಕೆಲಸ ಬಹಳ ಸುಲಭ: ಹೊರಗಿನಿಂದ ತೆಳುವಾದ ಕಡ್ಡಿಯಂಥ ತುದಿಯಲ್ಲಿ ಮೂತಿಯನ್ನು ನೇರ ಒಳಗೆ ತಳ್ಳಿದರೆ ಸಾಕು. ನಮ್ಮ ವಾಚಿನಲ್ಲಿ ಹೊರಗೆ ತೂತು ಕಾಣುವುದಿಲ್ಲ. ಬೆಲ್ಟು ಮತ್ತು ಲಗ್ಗಿನ ನಡುವಿನ ಸಂದಿನಿಂದಲೇ ಹೋಗಬೇಕು.

ಇದಕ್ಕಾಗಿಯೇ ಮಾಡಿದ ಉಪಕರಣ ಸಿಗುತ್ತದೆ. ಒಂದು ತುದಿ ಹಾವಿನ ನಾಲಿಗೆಯಂತೆ ಕವಲೊಡೆದಿರುತ್ತದೆ, ಇನ್ನೊಂದು ತುದಿ ಕಡ್ಡಿ. ವಾಚ್ ರಿಪೇರಿಯವರು ಸ್ವಿಟ್ಜರ್ಲೆಂಡಿನ ಬರ್ಜಿಯಾನ್ ಕಂಪನಿಯ 6767-ಎಫ್ ಎಂಬ ಸಣ್ಣ ಕವಲಿನದನ್ನು ಮೆಚ್ಚುತ್ತಾರೆ. ಅಗ್ಗದ್ದೂ ನಡೆಯುತ್ತದೆ, ಆದರೆ ಅದರ ಕವಲು ದಪ್ಪಗಿರುತ್ತದೆ, ಅಂಚು ಒರಟಾಗಿರುತ್ತದೆ. ಕೊಂಡ ದಿನ ಕವಲಿನ ಎಲ್ಲ ಅಂಚನ್ನೂ ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಎಲ್ಲಾದರೂ ಉಗುರನ್ನು ಕೆರೆದರೆ ಕ್ರೋಮನ್ನೂ ಕೆರೆಯುತ್ತದೆ. 1000 ನಂಬರಿನ ನೀರು ಕಾಗದದಲ್ಲಿ, ಅಂದರೆ ಕಾರಿನ ಪೇಂಟಿನವರು ಬಳಸುವ ನಯವಾದ ಎಮರಿ ಕಾಗದದಲ್ಲಿ, ನಾಲ್ಕಾರು ಸಲ ತಿಕ್ಕಿದರೆ ಆ ಒರಟು ಹೋಗುತ್ತದೆ. ಅಡುಗೆಮನೆಯ ಚಾಕು, ಸೂಜಿ, ಸಣ್ಣ ಸ್ಕ್ರೂಡ್ರೈವರ್ ಯಾವುದೂ ಬೇಡ. ಅವು ಬಳೆಯನ್ನು ಹಿಡಿಯುವುದಿಲ್ಲ. ಹಿಡಿಯದಿದ್ದರೆ ಮೀಟುವುದೊಂದೇ ಉಳಿಯುತ್ತದೆ, ಮೀಟಿದರೆ ಜಾರುತ್ತದೆ.

ಬಿಚ್ಚುವುದು

ಕಿಟಕಿಯ ಪಕ್ಕ, ಮೇಜಿನ ಮೇಲೆ ಒಂದು ಬಿಳಿ ಟವೆಲ್ ಮಡಚಿ ಹಾಸಿ. ಪಿನ್ ಹಾರಿದರೆ ಬಿಳಿ ಬಟ್ಟೆಯ ಮೇಲೆ ಕಾಣುತ್ತದೆ, ಟವೆಲಿನ ನೂಲು ಅದನ್ನು ಉರುಳಲು ಬಿಡುವುದಿಲ್ಲ. ವಾಚನ್ನು ಬೋರಲು ಮಲಗಿಸುವ ಮುಂಚೆ ಅದರ ಕೆಳಗೆ ಕನ್ನಡಕ ಒರೆಸುವ ಶುಭ್ರವಾದ ಬಟ್ಟೆಯೊಂದನ್ನು ಇಡಿ. ಹಳೆಯ ಜನತಾದ ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್. ಒಂದು ಮರಳ ಕಣ ಸಿಕ್ಕಿಕೊಂಡರೂ ಗೆರೆ ಬೀಳುತ್ತದೆ.

ಈಗ ಲಗ್‌ಗಳಿಗೆ ಟೇಪ್. ಪೇಂಟಿಂಗ್ ಮಾಡುವವರು ಅಂಚಿಗೆ ಹಚ್ಚುವ ಕಾಗದದ ಮಾಸ್ಕಿಂಗ್ ಟೇಪ್ ಒಳ್ಳೆಯದು, ಎಳೆದರೆ ಅಂಟು ಉಳಿಯುವುದಿಲ್ಲ. ಲಗ್ಗಿನ ಹಿಂಬದಿ, ಒಳಮೈ, ಮತ್ತು ಲಗ್‌ಗಳ ನಡುವೆ ಕಾಣುವ ಕೇಸಿನ ಪಕ್ಕ, ಈ ಮೂರು ಕಡೆ ಅಂಟಿಸಿ. ತೂತಿನ ಬಾಯಿ ಮಾತ್ರ ತೆರೆದಿರಲಿ. ಕ್ರೋಮ್ ಈಗಾಗಲೇ ಗುಳ್ಳೆ ಎದ್ದು ಸಿಪ್ಪೆ ಬಿಡುತ್ತಿದ್ದರೆ ಟೇಪೇ ಅದನ್ನು ಕಿತ್ತುಕೊಂಡು ಬರುತ್ತದೆ. ಅಂಥ ಕಡೆ ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ, ಬೆರಳಗಲದ ತುಂಡು ಕತ್ತರಿಸಿ, ಉಪಕರಣ ಮತ್ತು ಕೇಸಿನ ನಡುವೆ ತೂರಿಸಿ ಇಟ್ಟುಕೊಳ್ಳಿ. ಆ ಪ್ಲಾಸ್ಟಿಕ್ ತೆಳ್ಳಗಿದ್ದರೂ ಗಟ್ಟಿ.

ಇನ್ನು ನಿಜವಾದ ಕೆಲಸ. ವಾಚು ಬೋರಲಾಗಿದೆ, ಹಿಂಭಾಗ ನಿಮಗೆ ಕಾಣುತ್ತಿದೆ. ಕವಲನ್ನು ಬೆಲ್ಟು ಮತ್ತು ಲಗ್ಗಿನ ನಡುವಿನ ಸಂದಿಗೆ ಇಳಿಸಿ. ಪಿನ್ನಿನ ಬಳೆಗೆ ಕವಲು ಸಿಕ್ಕಿಕೊಂಡಿತೆಂದು ಕೈಗೆ ಗೊತ್ತಾಗುತ್ತದೆ: ಉಪಕರಣವನ್ನು ಮೆಲ್ಲಗೆ ಪಕ್ಕಕ್ಕೆ ಆಡಿಸಿದರೆ ಸ್ಪ್ರಿಂಗಿನ ಪುಟಿತ ಬೆರಳಿಗೆ ತಾಗುತ್ತದೆ. ಪುಟಿತ ಇಲ್ಲದೆ ಬರೀ ಗಟ್ಟಿ ಅನಿಸಿದರೆ ನೀವು ಚರ್ಮವನ್ನೋ ಲಗ್ಗನ್ನೋ ಒತ್ತುತ್ತಿದ್ದೀರಿ. ಆಗ ತೆಗೆದು ಮತ್ತೆ ಇಳಿಸಿ.

ಸಿಕ್ಕಿಕೊಂಡ ಮೇಲೆ ಬಳೆಯನ್ನು ಎದುರಿನ ಲಗ್ಗಿನ ಕಡೆಗೆ ತಳ್ಳಿ. ಬರೀ ಪಕ್ಕಕ್ಕೆ, ಮೇಲಕ್ಕಲ್ಲ. ಹಾಗೆ ತಳ್ಳಿ ಹಿಡಿದುಕೊಂಡೇ, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಬೆಲ್ಟಿನ ಬುಡ ಹಿಡಿದು ನಿಮ್ಮ ಕಡೆಗೆ, ಅಂದರೆ ವಾಚಿನ ಹಿಂಭಾಗದ ದಿಕ್ಕಿಗೆ, ಎತ್ತಿ. ಮೂತಿ ತೂತಿನಿಂದ ಈಚೆ ಬಂದಿದ್ದರೆ ಆ ಬದಿ ಹಗುರವಾಗಿ ಎದ್ದು ಬರುತ್ತದೆ.

ಗೀರಿಗೆ ಮೂಲ ಕಾರಣ ಈ ಎರಡು ಕೆಲಸಗಳನ್ನು ಒಂದೇ ಉಪಕರಣಕ್ಕೆ ಕೊಡುವುದು. ಒತ್ತುವುದು ಉಪಕರಣದ ಕೆಲಸ, ಎತ್ತುವುದು ಬೆರಳಿನ ಕೆಲಸ. ಉಪಕರಣದಿಂದಲೇ ಎತ್ತಲು ಹೋದರೆ ಅದಕ್ಕೊಂದು ಆಸರೆ ಬೇಕಾಗುತ್ತದೆ, ಅಲ್ಲಿ ಸಿಗುವ ಆಸರೆ ಲಗ್ಗಿನ ಅಂಚು ಮಾತ್ರ. ಸನ್ನೆಗೋಲಿನಂತೆ ಪೂರ್ತಿ ಬಲ ಆ ಅಂಚಿನ ಮೇಲೆ ಬೀಳುತ್ತದೆ. ನಮ್ಮ ವಾಚಿನ ಹಳೆಯ ಗೀರನ್ನು ಭೂತಗನ್ನಡಿಯಲ್ಲಿ ನೋಡಿದಾಗ ಇದು ಸ್ಪಷ್ಟವಾಗಿತ್ತು. ಅಂಚಿನಲ್ಲಿ ಒಂದು ಆಳವಾದ ಗುಳಿ, ಅಲ್ಲಿಂದ ಹೊರಟ ಸಪೂರ ಗೆರೆ. ಗುಳಿ ಚಾಕುವಿನ ಆಸರೆಯದು, ಗೆರೆ ಅದು ಜಾರಿದ್ದು.

ಮೇಲಿನ ಬದಿ, 12 ಗಂಟೆಯ ಕಡೆಯ ಪಿನ್ನು, ಮೊದಲ ಪ್ರಯತ್ನದಲ್ಲೇ ಬಂತು. ಎರಡನೆಯ ಸಲವೇನೂ ಬೇಕಾಗಲಿಲ್ಲ.

ತುಕ್ಕು ಹಿಡಿದ ಪಿನ್ನು

6 ಗಂಟೆಯ ಕಡೆಯದು ಜಗ್ಗಲಿಲ್ಲ. ಕವಲು ಸಿಕ್ಕಿಕೊಳ್ಳುತ್ತಿತ್ತು, ಪುಟಿತ ಮಾತ್ರ ಇಲ್ಲ. ಒತ್ತಿದರೆ ಮರಳು ಅರೆದಂಥ ಸಣ್ಣ ಸದ್ದು. ಬೆವರಿನ ಉಪ್ಪು ಒಳಗಿಳಿದು ಕೊಳವೆಯೂ ಮೂತಿಯೂ ತುಕ್ಕಿನಿಂದ ಅಂಟಿಕೊಂಡಿದ್ದವು. ಬಲ ಹೆಚ್ಚಿಸಬೇಕು ಅನಿಸುವುದು ಈ ಹೊತ್ತಿನಲ್ಲೇ, ಉಪಕರಣ ಜಾರುವುದೂ ಈ ಹೊತ್ತಿನಲ್ಲೇ. ಕೈ ತೆಗೆದುಬಿಡಿ.

ತುಕ್ಕು ಬಿಡಿಸುವ ಎಣ್ಣೆ, ಡಬ್ಲ್ಯುಡಿ-40 ಥರದ್ದು, ಒಂದು ಮುಚ್ಚಳಕ್ಕೆ ಸ್ವಲ್ಪ ಹಾಕಿಕೊಳ್ಳಿ. ಹಲ್ಲುಕಡ್ಡಿಯ ತುದಿ ಅದ್ದಿ, ಮೂತಿ ತೂತಿಗೆ ಸೇರುವ ಜಾಗಕ್ಕೆ ಒಂದೇ ಹನಿ ಮುಟ್ಟಿಸಿ. ವಾಚಿನ ಮೇಲೆ ನೇರವಾಗಿ ಸ್ಪ್ರೇ ಮಾಡಬೇಡಿ. ತೂತಿನಿಂದ ಎಣ್ಣೆ ಯಂತ್ರಕ್ಕೆ ಹೋಗುವುದಿಲ್ಲ, ಆದರೆ ಹಿಂಮುಚ್ಚಳದ ಸಂದಿನಿಂದ ಹೋಗಬಹುದು. ಅರ್ಧ ಗಂಟೆ ಬಿಟ್ಟು, ಒರೆಸಿ, ಬೆಲ್ಟನ್ನು ಹಿಡಿದು ಆಚೀಚೆ ಸ್ವಲ್ಪ ತಿರುಚಿ, ಮತ್ತೆ ಪ್ರಯತ್ನಿಸಿ.

ನಮಗೆ ಎರಡು ಸಲ ಎಣ್ಣೆ ಹಾಕಿದರೂ ಬರಲಿಲ್ಲ. ಆಮೇಲೆ ಮಾಡಿದ್ದು ಬೆಲ್ಟನ್ನೇ ಕತ್ತರಿಸಿದ್ದು. ಹೇಗೂ ಎಸೆಯುವ ಬೆಲ್ಟು. ಪಿನ್ನಿನಿಂದ ಒಂದು ಸೆಂಟಿಮೀಟರ್ ಈಚೆ ಅಡ್ಡಕ್ಕೆ ಕತ್ತರಿಸಿ, ಉಳಿದ ಮೋಟು ತುಂಡನ್ನು ಉದ್ದಕ್ಕೆ ಸೀಳಿ, ಪಿನ್ನಿನ ಸುತ್ತಲಿನ ಚರ್ಮವನ್ನು ಚಿಮಟಿಗೆಯಿಂದ ಎಳೆದು ತೆಗೆದೆವು. ಈಗ ಪಿನ್ನಿನ ಇಡೀ ಮೈ ಕಣ್ಣಿಗೆ ಕಾಣುತ್ತದೆ. ಬಳೆಗೆ ಕವಲು ಸರಿಯಾಗಿ ಕೂರುತ್ತದೆ, ಎಷ್ಟು ಒತ್ತುತ್ತಿದ್ದೇವೆ, ಯಾವ ದಿಕ್ಕಿಗೆ ಎಂಬುದೂ ಕಾಣುತ್ತದೆ. ಗಟ್ಟಿ ಪಿನ್ನುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಬರುತ್ತವೆ.

ನಮ್ಮದು ಆಗಲೂ ಬರಲಿಲ್ಲ. ಕೊನೆಯ ಉಪಾಯ, ಪಿನ್ನನ್ನು ನಡುವೆ ತುಂಡರಿಸುವುದು. ಎಲೆಕ್ಟ್ರಾನಿಕ್ಸ್ ಕೆಲಸದವರು ವೈರು ಕತ್ತರಿಸುವ ಸಣ್ಣ ನಿಪ್ಪರ್ ಎಸ್‌ಪಿ ರಸ್ತೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕೇಸಿನ ಪಕ್ಕಕ್ಕೆ ಹಾಲಿನ ಪ್ಯಾಕೆಟ್ಟಿನ ತುಂಡನ್ನು ಎರಡು ಮಡಿಕೆ ಮಾಡಿ ಇಟ್ಟು, ಕನ್ನಡಕ ಹಾಕಿಕೊಂಡು, ವಾಚನ್ನೂ ಕೈಯನ್ನೂ ಒಂದು ದೊಡ್ಡ ಪಾರದರ್ಶಕ ಕವರಿನೊಳಗೆ ತೂರಿಸಿ, ನಟ್ಟನಡುವೆ ಕತ್ತರಿಸಿದೆ. ಕತ್ತರಿಸಿದ ಕ್ಷಣ ಸ್ಪ್ರಿಂಗ್ ಸಿಡಿದು ಕವರಿಗೆ ಬಡಿಯಿತು, ಕಣ್ಣಿಗೆ ಬಡಿಯಬಹುದಾಗಿದ್ದದ್ದು. ಉಳಿದ ಎರಡು ತುಂಡುಗಳನ್ನು ಚಿಮಟಿಗೆಯಲ್ಲಿ ಹಿಡಿದು ತಿರುಗಿಸುತ್ತಾ ಎಳೆದರೆ ಮೂತಿ ಸಮೇತ ಬಂದವು. ಮೂತಿ ತೂತಿನೊಳಗೇ ಮುರಿದು ಉಳಿದುಬಿಟ್ಟರೆ ಮಾತ್ರ ನೀವು ಕೆರೆಯಲು ಹೋಗಬೇಡಿ, ಒಳ್ಳೆಯ ರಿಪೇರಿಯವರ ಹತ್ತಿರ ಒಯ್ಯಿರಿ.

ಬೆಲ್ಟು ಬಿಚ್ಚಿದ ಮೇಲೆ ಲಗ್‌ಗಳ ನಡುವಿನ ಕೊಳೆಯನ್ನು ಹಲ್ಲುಕಡ್ಡಿ ಮತ್ತು ಮೆತ್ತನೆಯ ಒಣ ಬ್ರಷ್ಷಿನಿಂದ ತೆಗೆಯಿರಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಇಷ್ಟು ಹಳೆಯ ವಾಚಿಗೆ ನೀರು ತಡೆಯುವ ಶಕ್ತಿ ಇಲ್ಲ. ತೂತಿನೊಳಗೆ ಕೊಳೆ ಉಳಿದರೆ ಹೊಸ ಮೂತಿ ಪೂರ್ತಿ ಒಳಗೆ ಹೋಗುವುದಿಲ್ಲ, ಮೇಲ್ನೋಟಕ್ಕೆ ಕೂತಂತೆ ಕಂಡು ಒಂದು ದಿನ ಕಳಚಿಕೊಳ್ಳುತ್ತದೆ.

ಲಗ್ ಅಗಲ ಅಳೆಯುವುದು

ವರ್ನಿಯರ್ ಇದ್ದರೆ ಅದರ ಮೇಲಿನ ಸಣ್ಣ ದವಡೆಗಳು ಒಳ ಅಳತೆಗೆಂದೇ ಇರುವಂಥವು. ಸ್ಟೀಲಿನ ದವಡೆಯ ಅಂಚು ಚೂಪಾಗಿರುತ್ತದೆ, ಕ್ರೋಮಿನ ಮೇಲೆ ತೆರೆದು ಒತ್ತಿದರೆ ಗುರುತು ಬೀಳುತ್ತದೆ. ಅಗ್ಗದ ಪ್ಲಾಸ್ಟಿಕ್ ವರ್ನಿಯರೇ ಈ ಕೆಲಸಕ್ಕೆ ಮೇಲು. ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ನೋಡಿಕೊಂಡು, ಪಿನ್ನಿನ ತೂತು ಇರುವ ಮಟ್ಟದಲ್ಲೇ ಅಳೆಯಿರಿ. ಲಗ್ಗಿನ ತುದಿಯಲ್ಲಿ ಬೇಡ, ತುದಿ ಕೆಲವೊಮ್ಮೆ ಸ್ವಲ್ಪ ಹೊರಗೆ ಬಾಗಿರುತ್ತದೆ.

ವರ್ನಿಯರ್ ಇಲ್ಲದಿದ್ದರೆ ಕಾಗದದ ಬೆಣೆ ಮಾಡಿಕೊಳ್ಳಿ. ಇದು ನನಗೆ ಬಹಳ ಇಷ್ಟವಾದ ವಿಧಾನ, ಯಾಕೆಂದರೆ ಇದರಲ್ಲಿ ಗೀರಿನ ಭಯವೇ ಇಲ್ಲ, ಸ್ಕೇಲಿಗಿಂತ ಹೆಚ್ಚು ನಿಖರವೂ ಹೌದು. ಮದುವೆ ಕರೆಯೋಲೆಯಷ್ಟು ದಪ್ಪದ ಕಾಗದ ತೆಗೆದುಕೊಂಡು 60 ಮಿಲಿಮೀಟರ್ ಉದ್ದದ ಒಂದು ನೇರ ಗೆರೆ ಎಳೆಯಿರಿ. ಒಂದು ತುದಿಯಲ್ಲಿ ಗೆರೆಯ ಎರಡೂ ಬದಿಗೆ 8 ಮಿಲಿಮೀಟರ್‌ನಂತೆ, ಒಟ್ಟು 16. ಇನ್ನೊಂದು ತುದಿಯಲ್ಲಿ ಎರಡೂ ಬದಿಗೆ 11ರಂತೆ, ಒಟ್ಟು 22. ಆ ನಾಲ್ಕು ಚುಕ್ಕಿ ಸೇರಿಸಿ ಕತ್ತರಿಸಿ. ಈ ಬೆಣೆ ಪ್ರತಿ 10 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ಅಗಲವಾಗುತ್ತಾ ಹೋಗುತ್ತದೆ. ಅಂದರೆ ಲಗ್ ಅಗಲದ ಸಣ್ಣ ವ್ಯತ್ಯಾಸವೂ ಬೆಣೆಯ ಮೇಲೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕಿರಿದಾದ ತುದಿಯನ್ನು ಲಗ್‌ಗಳ ನಡುವೆ, ತೂತಿನ ಮಟ್ಟದಲ್ಲಿ, ನೇರವಾಗಿ ಇಳಿಸಿ. ಎರಡೂ ಬದಿ ಮುಟ್ಟಿ ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಒತ್ತಬೇಡಿ, ಕಾಗದ ಬಾಗಿದರೆ ಅಳತೆ ಹೆಚ್ಚು ಬರುತ್ತದೆ. ನಮ್ಮದರಲ್ಲಿ ಗುರುತು ಕಿರಿದಾದ ತುದಿಯಿಂದ 20 ಮಿಲಿಮೀಟರ್ ದೂರಕ್ಕೆ ಬಿತ್ತು. 16ಕ್ಕೆ 2 ಸೇರಿಸಿದರೆ 18. ಕೆಳಗಿನ ಜೋಡಿಯಲ್ಲಿ 19 ಮಿಲಿಮೀಟರ್ ದೂರಕ್ಕೆ ಬಿತ್ತು, ಅಂದರೆ 17.9. ಎರಡೂ ಕಡೆ ಅಳೆಯಲೇಬೇಕು: ಎಂದೋ ಕೆಳಗೆ ಬಿದ್ದು ಒಂದು ಲಗ್ ಒಳಗೆ ಬಾಗಿದ್ದರೆ ಗೊತ್ತಾಗುವುದು ಆಗಲೇ.

17.8ರಿಂದ 18.2ರವರೆಗೆ ಬಂದರೆ 18ರ ಬೆಲ್ಟು ಕೊಳ್ಳಿ. 19 ಬಂದರೆ 19ರದ್ದೇ ಹುಡುಕಿ. ಅಂಗಡಿಯಲ್ಲಿ 18, 20, 22 ಬೇಗ ಸಿಗುತ್ತವೆ, 19 ಸಿಗುವುದು ಕಡಿಮೆ. ಆಗ "20 ಹಾಕಿ ಸಾರ್, ಚರ್ಮ ಅಲ್ವಾ, ಕೂರುತ್ತೆ" ಅನ್ನುವವರೂ ಇರುತ್ತಾರೆ. ಮೆತ್ತನೆಯ ಚರ್ಮ ಕೂರುತ್ತದೆ ನಿಜ. ಆದರೆ ಅದುಮಿದ ಚರ್ಮ ಬಳೆಯನ್ನು ಮುಚ್ಚಿಬಿಡುತ್ತದೆ, ಮುಂದಿನ ಸಲ ಬಿಚ್ಚುವಾಗ ಕವಲಿಗೆ ಜಾಗವೇ ಇರುವುದಿಲ್ಲ.

ಬೆಲ್ಟು ಆರಿಸುವುದು

ಬೆಲ್ಟಿನ ಮೇಲೆ 18/16 ಎಂದು ಇದ್ದರೆ ಮೊದಲನೆಯದು ಲಗ್ ಕಡೆಯ ಅಗಲ, ಎರಡನೆಯದು ಬಕಲ್ ಕಡೆಯದು. ಹಳೆಯ ಬಕಲನ್ನು ಉಳಿಸಿಕೊಳ್ಳುವ ಆಸೆ ಇದ್ದರೆ ಅದರ ಒಳ ಅಗಲವನ್ನು ಅದೇ ಕಾಗದದ ಉಪಾಯದಲ್ಲಿ ಅಳೆದು ಎರಡನೆಯ ಸಂಖ್ಯೆಗೆ ಹೊಂದಿಸಿ.

ಉದ್ದಕ್ಕೆ ಮಣಿಕಟ್ಟಿನ ಸುತ್ತಳತೆ ಲೆಕ್ಕ ಹಾಕುವುದಕ್ಕಿಂತ ಸರಳವಾದ ದಾರಿ ಹಳೆಯ ಬೆಲ್ಟಿನಲ್ಲೇ ಇದೆ. ಅಗಲದ ವಿಷಯದಲ್ಲಿ ಅದನ್ನು ನಂಬಬಾರದಾದರೂ ಉದ್ದದ ವಿಷಯದಲ್ಲಿ ಅದು ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ಬಳಸಿದ ತೂತು ಉದ್ದಕ್ಕೆ ಎಳೆದುಕೊಂಡು ಮೊಟ್ಟೆಯಾಕಾರ ಆಗಿರುತ್ತದೆ. ಪಿನ್ನಿನ ಜಾಗದಿಂದ ಆ ತೂತಿನವರೆಗಿನ ದೂರ, ಬಕಲ್ ಇರುವ ಗಿಡ್ಡ ತುಂಡಿನ ಉದ್ದ, ಎರಡನ್ನೂ ಅಳೆದು ಕೂಡಿಸಿ. ಕತ್ತರಿಸಬೇಕಾಗಿ ಬಂದರೆ ಅದಕ್ಕೆ ಮುಂಚೆಯೇ ಇದನ್ನು ಬರೆದಿಟ್ಟುಕೊಳ್ಳಿ. ಅಪ್ಪನ ಬೆಲ್ಟಿನಲ್ಲಿ 78 ಮತ್ತು 75, ಒಟ್ಟು 153. ತಂಗಿಯ ಮಗನ ಮಣಿಕಟ್ಟಿಗೆ ಆ ತೂತು ಒಂದು ಬೆರಳು ತೂರುವಷ್ಟು ಸಡಿಲವಾಗಿತ್ತು, ಒಂದು ತೂತು ಒಳಗೆ ಸರಿಯಾಗುತ್ತಿತ್ತು. ಹಾಗಾಗಿ ಹೊಸ ಬೆಲ್ಟಿನಲ್ಲಿ 147ರ ಆಸುಪಾಸಿನಲ್ಲಿ ಒಂದು ತೂತು ಬೇಕು, ಅದರ ಎರಡೂ ಬದಿಗೆ ಇನ್ನೊಂದೆರಡು ತೂತು ಇರಬೇಕು ಎಂದುಕೊಂಡು ಹೊರಟೆವು.

ದಪ್ಪದ ವಿಷಯ ಯಾರೂ ಕೇಳುವುದಿಲ್ಲ, ಹಳೆಯ ವಾಚಿಗೆ ಮುಖ್ಯವಾದದ್ದು ಅದೇ. ಇಂಥ ವಾಚುಗಳಲ್ಲಿ ಪಿನ್ನು ಕೇಸಿನ ಪಕ್ಕಕ್ಕೆ ಬಹಳ ಹತ್ತಿರ ಕೂರುತ್ತದೆ. ಒಳಗೆ ಸ್ಪಂಜು ತುಂಬಿದ ದಪ್ಪ ಬೆಲ್ಟನ್ನು ಹಾಕಿದರೆ ಅದರ ಬುಡ ಕೇಸಿಗೆ ಒತ್ತಿಕೊಂಡು ಪಿನ್ನನ್ನು ಹೊರಕ್ಕೆ ತಳ್ಳುತ್ತಾ ಇರುತ್ತದೆ. ಪಿನ್ನು ಬಾಗುತ್ತದೆ, ಉಜ್ಜಿದ ಜಾಗದಲ್ಲಿ ಕ್ರೋಮ್ ಸವೆಯುತ್ತದೆ. ಬುಡದಲ್ಲಿ 2 ಮಿಲಿಮೀಟರ್ ಆಸುಪಾಸಿನ, ಸ್ಪಂಜಿಲ್ಲದ ಸಾದಾ ಬೆಲ್ಟು ನನ್ನ ಆಯ್ಕೆ. ವಾಚನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಬೆಲ್ಟಿನ ಬುಡವನ್ನು ಲಗ್‌ಗಳ ನಡುವೆ ಹಿಡಿದು, ಮಣಿಕಟ್ಟಿನ ಕಡೆ ಬಾಗಿಸಿದಾಗ ಕೇಸಿಗೆ ಒತ್ತುತ್ತದೆಯೇ ನೋಡಿ.

ಚರ್ಮವೋ ನೈಲಾನೋ ಎಂಬುದು ವಾಚು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ. ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೈಕಿನ ಮೇಲೆ ಬೆವರುವವರಿಗೆ, ಸಂಜೆಯ ಮಳೆಗೆ ಸಿಕ್ಕಿಕೊಳ್ಳುವವರಿಗೆ ಚರ್ಮ ಬೇಗ ಗಟ್ಟಿಯಾಗುತ್ತದೆ. ನ್ಯಾಟೋ ಎಂಬ ಹೆಸರಿನ ಒಂದೇ ಪಟ್ಟಿಯ ನೈಲಾನ್ ಬೆಲ್ಟು ಎರಡೂ ಪಿನ್ನುಗಳ ಮೂಲಕ ಹಾದು ವಾಚಿನ ಅಡಿಯಿಂದ ಹೋಗುತ್ತದೆ. ಒಂದು ಪಿನ್ನು ಕಳಚಿದರೂ ವಾಚು ಕೆಳಗೆ ಬೀಳುವುದಿಲ್ಲ, ಬೆಲ್ಟು ತೊಳೆಯಲು ಪಿನ್ನನ್ನೂ ಬಿಚ್ಚಬೇಕಿಲ್ಲ. ಆದರೆ ವಾಚು ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಏಳುತ್ತದೆ, ತೆಳ್ಳಗಿನ ಜನತಾದ ಅಂದ ಅದರಿಂದ ಕೆಡುತ್ತದೆ. ವಾರಕ್ಕೆರಡು ದಿನ ಕಟ್ಟುವ ವಾಚು ಎಂದು ನಾವು ಕಂದು ಬಣ್ಣದ ಸಾದಾ ಚರ್ಮವನ್ನೇ ಚಿಕ್ಕಪೇಟೆಯಿಂದ ತಂದೆವು.

ಈಗ ಕೆಲವು ಬೆಲ್ಟುಗಳಲ್ಲಿ ಅಡಿಯಲ್ಲಿ ಸಣ್ಣ ಗುಂಡಿಯಿರುವ ಪಿನ್ನು ಬರುತ್ತದೆ. ಉಗುರಿನಿಂದ ಎಳೆದರೆ ಮೂತಿ ಒಳಗೆ ಹೋಗುತ್ತದೆ, ಉಪಕರಣವೇ ಬೇಡ. ಲೇಪದ ಕೇಸಿಗೆ ಇದು ದೊಡ್ಡ ಅನುಕೂಲ. ತೂತು ಸವೆದು ದೊಡ್ಡದಾಗಿದ್ದರೆ ಮಾತ್ರ ಅದರ ಸಪೂರ ಮೂತಿ ಒಳಗೆ ಅಲ್ಲಾಡುತ್ತದೆ, ಆಗ ಬಳೆಯಿರುವ ಸಾಮಾನ್ಯ ಪಿನ್ನೇ ಹಾಕಿ. ಯಾವುದೇ ಆಗಲಿ, ಹೊಸದೇ ಇರಲಿ. 18 ಮಿಲಿಮೀಟರ್ ಉದ್ದ, ಒಂದೂವರೆ ಮಿಲಿಮೀಟರ್ ದಪ್ಪದ್ದು ಕೇಳಿ, ನಾಲ್ಕು ತನ್ನಿ. ಒಂದು ಹಾರಿಹೋದರೂ ಕೆಲಸ ನಿಲ್ಲುವುದಿಲ್ಲ.

ಕೂರಿಸುವುದು

ಬೆಲ್ಟಿಲ್ಲದೆ ಬರೀ ಪಿನ್ನನ್ನು ಮೊದಲು ಕೂರಿಸಿ ನೋಡಿ. ಎರಡೂ ಮೂತಿ ಒಳಗಿಳಿದಾಗ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ. ಬೆರಳಿನಿಂದ ಉರುಳಿಸಿದರೆ ಪಿನ್ನು ಸುತ್ತಬೇಕು, ಪಕ್ಕಕ್ಕೆ ಸರಿಸಿದರೆ ಸರಿದು ಮತ್ತೆ ಪುಟಿಯಬೇಕು, ಹಿಂದಕ್ಕೆ ಎಳೆದರೆ ಬರಬಾರದು. ಈ ಪರೀಕ್ಷೆ ಪಾಸಾದರೆ ತೆಗೆದು ಬೆಲ್ಟಿಗೆ ಹಾಕಿ.

ಬಕಲ್ ಇರುವ ಗಿಡ್ಡ ತುಂಡು 12 ಗಂಟೆಯ ಕಡೆಗೆ, ತೂತುಗಳಿರುವ ಉದ್ದ ತುಂಡು 6 ಗಂಟೆಯ ಕಡೆಗೆ. ವಾಚು ಮತ್ತೆ ಬೋರಲು. ಪಿನ್ನಿನ ಒಂದು ಮೂತಿಯನ್ನು ಒಂದು ತೂತಿಗೆ ಮೊದಲು ಇಳಿಸಿ, ಅದು ಜಾರದಂತೆ ಬೆರಳು ಒತ್ತಿಹಿಡಿಯಿರಿ. ಇನ್ನೊಂದು ಬದಿಯ ಬಳೆಯನ್ನು ಕವಲಿನಿಂದ ಒಳಗೆ ಅದುಮಿ, ಬೆಲ್ಟನ್ನು ಕೆಳಗೆ ತಳ್ಳುತ್ತಾ ತೂತಿನ ಎದುರಿಗೆ ತನ್ನಿ, ಬಿಡಿ. ಇಲ್ಲಿ ಇನ್ನೊಂದು ಬಗೆಯ ಗೀರು ಕಾದಿರುತ್ತದೆ: ಮೂತಿಯನ್ನು ಪೂರ್ತಿ ಅದುಮದೆ ಲಗ್ಗಿನ ಒಳಮೈ ಮೇಲೆ ಎಳೆದುಕೊಂಡು ಹೋದರೆ ಅಂಚಿನಿಂದ ತೂತಿನವರೆಗೆ ನೇರವಾದ ಗೆರೆ ಬೀಳುತ್ತದೆ. ಒಳಮೈಗೆ ಹಚ್ಚಿದ ಟೇಪನ್ನು ಅದಕ್ಕಾಗಿಯೇ ಕೊನೆಯವರೆಗೂ ಬಿಟ್ಟಿರಬೇಕು. ಟಿಕ್ ಸದ್ದು ಬರದಿದ್ದರೆ ಮೂತಿ ತೂತಿನ ಪಕ್ಕದಲ್ಲೆಲ್ಲೋ ನಿಂತಿದೆ. ಉಪಕರಣದಿಂದ ಹುಡುಕಬೇಡಿ, ಬೆಲ್ಟಿನ ಬುಡವನ್ನು ಬೆರಳಲ್ಲಿ ಹಿಡಿದು ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿಸಿದರೆ ತಾನೇ ಬೀಳುತ್ತದೆ.

ಮೇಲಿನ ಬದಿಯನ್ನು ನಾನು ಕೂರಿಸಿದೆ, ಕೆಳಗಿನದನ್ನು ತಂಗಿಯ ಮಗನಿಗೆ ಬಿಟ್ಟೆ. ಮೂರನೆಯ ಸಲಕ್ಕೆ ಸದ್ದು ಬಂತು. "ಕೇಳಿಸ್ತಾ ಮಾವ?" ಅಂದ. ಕೇಳಿಸಿತ್ತು. ಆದರೂ ಹಾಸಿಗೆಯ ಮೇಲೆ ವಾಚನ್ನು ಹಿಡಿದು, ಎರಡೂ ತುಂಡುಗಳನ್ನು ಒಂದೊಂದಾಗಿ ಬಕೆಟ್ ಎತ್ತುವಷ್ಟು ಬಲದಿಂದ ಎಳೆಸಿದೆ, ಪಕ್ಕಕ್ಕೂ ತಿರುಚಿಸಿದೆ. ಎಳೆಯುವಾಗ ಬರುವುದಾದರೆ ಹಾಸಿಗೆಯ ಮೇಲೇ ಬರಲಿ.

ಆಮೇಲೆ ಟೇಪನ್ನು ಕೇಸಿಗೆ ಅಂಟಿಕೊಂಡಂತೆಯೇ ಹಿಂದಕ್ಕೆ ಮಡಚಿ ನಿಧಾನ ಎಳೆದೆವು, ನೇರ ಮೇಲಕ್ಕಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಾಲ್ಕೂ ಲಗ್ ನೋಡಿದೆವು. ಹಳೆಯ ಗೀರೊಂದೇ ಇತ್ತು. ಎರಡು ವಾರ ಕಟ್ಟಿದ ಮೇಲೆ ಹೊಸ ಚರ್ಮ ಸ್ವಲ್ಪ ಎಳೆದುಕೊಂಡು ಒಂದು ತೂತು ಒಳಗೆ ಹೋಗಬೇಕಾಗಬಹುದು. ಆಗ ಬೆಲ್ಟಿನ ಬುಡವನ್ನೂ ಒಮ್ಮೆ ತಿರುಚಿ ನೋಡು ಎಂದು ಹೇಳಿ ಕಳಿಸಿದ್ದೇನೆ.